ಓದುಗರ ಸ್ಪಂದನ: ಕೆಲಸ ಬಿಟ್ಟು ಕಾಫಿ ಅಂಗಡಿ, ಹೆತ್ತವರಿಗೆ ಬರೆಯಬೇಕಾದ ಪತ್ರ

ಪುಣೆಯ ಹಿಂಜವಡಿಯಲ್ಲಿ ಕಚೇರಿ ಕೆಲಸದಲ್ಲಿರುವ ಪದವೀಧರೆಯೊಬ್ಬರು, ಆ ಕೆಲಸ ಬಿಟ್ಟು ಕೊಥ್ರೂಡಿನಲ್ಲಿ ಸಣ್ಣ ಫಿಲ್ಟರ್ ಕಾಫಿ ಅಂಗಡಿ ತೆರೆಯುವ ಯೋಜನೆಯನ್ನು ಡೊಂಬಿವಲಿಯಲ್ಲಿರುವ ತಂದೆ ತಾಯಿಗೆ ಪತ್ರದಲ್ಲಿ ಹೇಗೆ ವಿವರಿಸಲಿ ಎಂದು ಕೇಳಿ, ತಮ್ಮ ಕರಡನ್ನೂ ಕಳುಹಿಸಿದ್ದರು. ಬಂದ ಉತ್ತರಗಳಲ್ಲಿ ಮೂರು ಇಲ್ಲಿವೆ.

ಮಾಟುಂಗದಿಂದ, ಹೋಟೆಲಿನ ಲೆಕ್ಕಪತ್ರ ನೋಡುತ್ತಿದ್ದ ನಿವೃತ್ತರು

ಮಗಳೇ, ನಿಮ್ಮ ಕರಡಿನಲ್ಲಿ ಕಾಫಿಯ ಮೇಲಿನ ಪ್ರೀತಿ ಎರಡು ಪುಟ ತುಂಬಿದೆ, ಆದರೆ ದಿನಕ್ಕೆ ಎಷ್ಟು ಕಪ್ ಮಾರಿದರೆ ಅಂಗಡಿ ನಡೆಯುತ್ತದೆ ಎಂಬುದು ಎಲ್ಲಿಯೂ ಇಲ್ಲ. ತಂದೆಯವರ ಆತಂಕವಿರುವುದು ಅಲ್ಲಿಯೇ, ಆದ್ದರಿಂದ ಪತ್ರ ಅಲ್ಲಿಂದಲೇ ಆರಂಭವಾಗಲಿ.

ಒಂದು ಕಪ್ಪಿಗೆ ಸುಮಾರು 10 ಗ್ರಾಂ ಪುಡಿ, 100 ಮಿಲಿಲೀಟರ್ ಹಾಲು ಬೇಕೆಂದು ಇಟ್ಟುಕೊಳ್ಳಿ. ಪುಡಿ ಕಿಲೋಗೆ 700 ರೂಪಾಯಿ, ಹಾಲು ಲೀಟರಿಗೆ 60 ಎಂದಾದರೆ ಅವೆರಡಕ್ಕೇ 13 ರೂಪಾಯಿ. ಸಕ್ಕರೆ, ಗ್ಯಾಸ್, ಲೋಟಕ್ಕೆ 3 ಸೇರಿ 16 ಆಗುತ್ತದೆ. 30ಕ್ಕೆ ಮಾರಿದರೆ ಕಪ್ಪಿಗೆ 14 ರೂಪಾಯಿ ಉಳಿಯುತ್ತದೆ. ಇನ್ನು ತಿಂಗಳ ಖರ್ಚು: ಬಾಡಿಗೆ 35,000, ಒಬ್ಬ ಸಹಾಯಕನಿಗೆ 18,000, ವಿದ್ಯುತ್ತು ಮತ್ತು ಇತರೆ 7,000, ನಿಮ್ಮ ಸ್ವಂತ ಜೀವನಕ್ಕೆ 24,000. ಈ ಕೊನೆಯದನ್ನು ನೀವು ಬರೆದೇ ಇಲ್ಲ, ಹೊಸಬರು ಸಾಮಾನ್ಯವಾಗಿ ಬಿಡುವುದೂ ಅದನ್ನೇ. ಒಟ್ಟು 84,000 ಹುಟ್ಟಬೇಕಾದರೆ ತಿಂಗಳಿಗೆ 6,000 ಕಪ್, ಅಂದರೆ 26 ದಿನ ತೆರೆದರೆ ದಿನಕ್ಕೆ ಸುಮಾರು 230 ಕಪ್ ಮಾರಬೇಕು.

ಈ ಸಂಖ್ಯೆಯನ್ನು ಗಂಟೆಗಳಿಗೆ ಹಂಚಿ ನೋಡಿ. ಕಾಫಿ ಹೆಚ್ಚಾಗಿ ಹೋಗುವುದು ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ. ಆಗ ಒಂದೂವರೆ ನಿಮಿಷಕ್ಕೊಂದು ಕಪ್ ಕೈಯಿಂದ ಹೊರಡಬೇಕು. ಆ ರಸ್ತೆಯಲ್ಲಿ ಅಷ್ಟು ಗಿರಾಕಿಗಳು ಇದ್ದಾರೆಯೇ ಎಂಬುದನ್ನು ತಿಳಿಯಲು, ವಾರದ ದಿನ ಹತ್ತಿರದ ಚಹಾ ಅಂಗಡಿಯ ಎದುರು ನಿಂತು ಲೋಟ ಎಣಿಸಿ, ಆ ಎಣಿಕೆಯನ್ನು ಪತ್ರದಲ್ಲಿ ಬರೆಯಿರಿ. ನಾಲ್ವರಲ್ಲಿ ಒಬ್ಬರು ಒಂದು ಖಾರಾ ಬನ್ನು ತೆಗೆದುಕೊಂಡು ಅದರಲ್ಲೂ 14 ರೂಪಾಯಿ ಉಳಿದರೆ, 230ರ ಬದಲು ದಿನಕ್ಕೆ 185 ಗಿರಾಕಿಗಳು ಸಾಕು. ಕಾಫಿಯೊಂದನ್ನೇ ಮಾರುತ್ತೇನೆಂಬ ನಿಮ್ಮ ಹಟವನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ದಿನಕ್ಕೆ 230 ಕಪ್ ಎಂದರೆ ವರ್ಷದ ವಹಿವಾಟು 20 ಲಕ್ಷ ದಾಟುತ್ತದೆ, ಆಗ ಜಿಎಸ್‌ಟಿ ನೋಂದಣಿ ಕಡ್ಡಾಯ. ಬೆಲೆಯನ್ನು 30ರಲ್ಲೇ ನಿಲ್ಲಿಸಿದರೆ ಶೇಕಡ 5ರ ತೆರಿಗೆ ಕಪ್ಪಿಗೆ ಸುಮಾರು ಒಂದೂವರೆ ರೂಪಾಯಿಯನ್ನು ನಿಮ್ಮ ಉಳಿಕೆಯಿಂದಲೇ ಕಳೆಯುತ್ತದೆ.

ಪುಣೆಯ ಸದಾಶಿವ ಪೇಠದಿಂದ, ಅಂಗಡಿ ನಡೆಸುವ ಓದುಗರು

ತಂಗಿ, "ನಡೆಯದಿದ್ದರೆ ಮುಚ್ಚಿಬಿಡುತ್ತೇನೆ" ಎಂದು ನೀವು ಬರೆದಿರುವ ಸಾಲು ತಾಯಿಯವರಿಗೆ ಸಮಾಧಾನ ತರಲಾರದು, ಏಕೆಂದರೆ ಯಾವಾಗ ಮುಚ್ಚುತ್ತೀರಿ ಎಂಬುದು ಅದರಲ್ಲಿಲ್ಲ. ಹೀಗೆ ಬರೆಯಿರಿ: "ಅಪ್ಪ, ಅಮ್ಮ, ಆರು ತಿಂಗಳ ಖರ್ಚಿನಷ್ಟು ಐದು ಲಕ್ಷ ರೂಪಾಯಿಯನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಆರನೆಯ ತಿಂಗಳಿನಲ್ಲೂ ದಿನಕ್ಕೆ 120 ಗಿರಾಕಿಗಳು ಬಾರದಿದ್ದರೆ ಅಂಗಡಿ ಮುಚ್ಚಿ ಮತ್ತೆ ಕೆಲಸ ಹುಡುಕುತ್ತೇನೆ. ಮನೆಯನ್ನು ಅಡವಿಡುವುದಿಲ್ಲ, ನಿಮ್ಮಿಂದ ಸಾಲಕ್ಕೆ ಜಾಮೀನು ಕೇಳುವುದಿಲ್ಲ."

ಈ ಮಾತು ಉಳಿಯುವುದು ಬಾಡಿಗೆ ಕರಾರಿನ ಮೇಲೆ. ಇಲ್ಲಿ ಅಂಗಡಿಗಳನ್ನು ಹೆಚ್ಚಾಗಿ 'ಲೀವ್ ಅಂಡ್ ಲೈಸೆನ್ಸ್' ಕರಾರಿನಲ್ಲಿ ಕೊಡುತ್ತಾರೆ, ಅದರಲ್ಲಿ 'ಲಾಕ್-ಇನ್' ಎಂಬ ಅವಧಿ ಇರುತ್ತದೆ. ಆ ಅವಧಿ ಮೂರು ವರ್ಷವೆಂದಾದರೆ, ನೀವು ಆರನೆಯ ತಿಂಗಳಲ್ಲಿ ಬಾಗಿಲು ಮುಚ್ಚಿದರೂ ಉಳಿದ ತಿಂಗಳುಗಳ ಬಾಡಿಗೆಯನ್ನು ಮಾಲೀಕರು ಕೇಳಬಹುದು, ಠೇವಣಿಯನ್ನು ಹಿಡಿದಿಟ್ಟುಕೊಳ್ಳಬಹುದು. ಲಾಕ್-ಇನ್ ಆರು ತಿಂಗಳು ಮೀರದಂತೆ ಮಾತನಾಡಿ, ಕರಾರನ್ನು ನೋಂದಣಿ ಮಾಡಿಸಿ, ಆ ಪುಟದ ಪ್ರತಿಯನ್ನು ಪತ್ರದೊಡನೆ ಕಳುಹಿಸಿ. ಮಾಲೀಕರು ಒಪ್ಪದಿದ್ದರೆ ಜಾಗ ಎಷ್ಟೇ ಚೆನ್ನಾಗಿದ್ದರೂ ಬೇರೆಡೆ ನೋಡಿ.

ಠಾಣೆಯಿಂದ, ಇಬ್ಬರು ಮಕ್ಕಳ ತಾಯಿ

ಕರಡಿನ ಕೊನೆಯಲ್ಲಿ ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವುದನ್ನು ಹೇಳಿದ್ದೀರಿ. ಅವರ ಆರೋಗ್ಯ ವಿಮೆ ನಿಮ್ಮ ಕಂಪನಿಯದೇ ಆಗಿದ್ದರೆ, ಕೆಲಸ ಬಿಟ್ಟೊಡನೆ ಅದೂ ನಿಲ್ಲುವುದು ಸಾಮಾನ್ಯ. ಹೊಸ ಪಾಲಿಸಿ ಮಾಡಿದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶವಿದೆ, ಹಾಗೆ ಬಂದರೆ ಈಗಾಗಲೇ ಕಳೆದ ಕಾಯುವಿಕೆಯ ಅವಧಿಯೂ ಲೆಕ್ಕಕ್ಕೆ ಸೇರಬಹುದು. ಆದ್ದರಿಂದ ರಾಜೀನಾಮೆ ಕೊಡುವ ಮೊದಲೇ ವಿಮಾ ಸಂಸ್ಥೆಯೊಡನೆ ಮಾತನಾಡಿ, ಕಂತಿನ ಮೊತ್ತವನ್ನು ತಿಂಗಳ ಖರ್ಚಿಗೆ ಸೇರಿಸಿ, ಕಪ್ಪುಗಳ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ಹೊಸ ಪಾಲಿಸಿ ಕೈಗೆ ಬಂದ ಮೇಲೆಯೇ ಪತ್ರವನ್ನು ಅಂಚೆಗೆ ಹಾಕಿ.