ಮೊದಲು ಯಾರ ಗಂಟುಮೂಟೆ?

ರಘುಗೆ ಪುಣೆ ಹತ್ತಿರದ ಚಾಕಣ್‌ನಿಂದ ಆಫರ್ ಬಂತು, ಕಾರಿನ ಬಿಡಿಭಾಗದ ಕಂಪನಿ. ಅದೇ ವಾರ ಅವನ ಹೆಂಡತಿ ಸುಧಾಗೆ ಹೈದರಾಬಾದಿನ ಔಷಧ ಕಂಪನಿಯಿಂದ. ಇಬ್ಬರೂ ಸದ್ಯಕ್ಕೆ ಮೈಸೂರಿನಲ್ಲಿ. ಮನೆಗೆ ಒಂದು ಆಫರ್ ಬಂದರೆ ಸ್ವೀಟು ಹಂಚುತ್ತಾರೆ, ಎರಡು ಬಂದರೆ ಪಂಚಾಯ್ತಿ ಕರೀತಾರೆ. ಪಂಚರಾಗಿ ನಾನು, ಶಶಿ ಮತ್ತು ಬ್ಯಾಂಕಿನ ಮಂಜ ಏಪ್ರಿಲ್‌ನ ಒಂದು ಭಾನುವಾರ ಹಾಜರಾದೆವು.

ಮಂಜ ಯಾರದೋ ಲಗ್ನಪತ್ರಿಕೆ ತಿರುಗಿಸಿ ಲೆಕ್ಕ ಶುರು ಮಾಡಿದ. "ಕೈಗೆ ಬರೋದು ರಘುಗೆ 1,60,000, ಸುಧಾಗೆ 1,30,000. ಪುಣೆಗೆ ಮೂವತ್ತು ಸಾವಿರ ಜಾಸ್ತಿ. ತೀರ್ಪಾಯ್ತು, ಕಾಫಿ ತನ್ನಿ."

"ಏಯ್, ತಡಿ ಮಾರಾಯ" ಅಂದಳು ಶಶಿ. "ಆ ಮೂವತ್ತು ಸಾವಿರದ ವ್ಯತ್ಯಾಸ ಹುಟ್ಟಿದ್ದು ಎಲ್ಲಿ? 2019ರಲ್ಲಿ ಇವನಿಗೆ ಮೈಸೂರಲ್ಲಿ ಕೆಲಸ ಆಯ್ತು ಅಂತ ಸುಧಾ ಬೆಂಗಳೂರು ಬಿಟ್ಟಳು. ಎಂಟು ತಿಂಗಳು ಮನೇಲಿದ್ದು, ಆಮೇಲೆ ಸಿಕ್ಕಿದ ಸಂಬಳಕ್ಕೆ ಸೇರ್ಕೊಂಡಳು. ಹೊಸಬರು ಹಳೇ ಪೇಸ್ಲಿಪ್ ನೋಡಿ ತಾನೇ ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಏರಿಸೋದು? ಅವತ್ತಿನ ನಷ್ಟ ಇವತ್ತಿನ ಆಫರ್‌ನಲ್ಲೂ ಕೂತಿದೆ. ಈಗ ಅದನ್ನೇ ತೋರಿಸಿ 'ನಿಂದು ಕಮ್ಮಿ, ನೀನೇ ಬಿಡು' ಅಂದ್ರೆ, ಮುಂದಿನ ಸಲ ಇನ್ನೂ ಕಮ್ಮಿ ಆಗಿರುತ್ತೆ. ಆಗಲೂ ಇವಳೇ ಬಿಡಬೇಕು."

ರಘು ಕೈಲಿದ್ದ ಚಕ್ಕುಲಿಯ ಸುತ್ತು ಎಣಿಸೋಕೆ ಶುರು ಮಾಡಿದ. ಆಮೇಲೆ ಅವನೂ ಒಂದು ನ್ಯಾಯದ ಮಾತೇ ಆಡಿದ: "ಅವಳಿಗೆ ಪುಣೇಲೂ ಔಷಧ ಕಂಪನಿಗಳಿವೆ. ನನಗೆ ಹೈದರಾಬಾದಲ್ಲಿ ಏನಿದೆ? ಕಾರಿನ ಕಾರ್ಖಾನೆ ಅಂದ್ರೆ ಚಾಕಣ್, ಶ್ರೀಪೆರಂಬದೂರು, ನಮ್ಮ ಬಿಡದಿ."

"ಪುಣೇಲಿ ಇರೋದು ನಿಜ" ಅಂದಳು ಸುಧಾ. "ಆದ್ರೆ ಕೆಲಸದಲ್ಲಿದ್ದುಕೊಂಡು ಕೇಳೋದೇ ಬೇರೆ, 'ಗಂಡನ ಜೊತೆ ಬಂದಿದೀನಿ, ಏನಾದ್ರೂ ಇದ್ರೆ ನೋಡಿ ಸಾರ್' ಅಂತ ಕೇಳೋದೇ ಬೇರೆ. ಎರಡನೇದು ಒಂದ್ಸಲ ಮಾಡಿ ಆಗಿದೆ. ಈ ಸಲ ಹೈದರಾಬಾದಲ್ಲಿ ಕೂತೇ ಪುಣೆಗೆ ಅರ್ಜಿ ಹಾಕ್ತೀನಿ. ಅದೂ ವರ್ಷ ತುಂಬಿದ ಮೇಲೆ. ಅದಕ್ಕೆ ಮುಂಚೆ ಬಿಟ್ರೆ ಜಾಯಿನಿಂಗ್ ಬೋನಸ್ ವಾಪಸ್ ಕಟ್ಟಬೇಕು ಅಂತ ಲೆಟರಲ್ಲೇ ಬರ್ದಿದಾರೆ."

"ಅಂದ್ರೆ ಎರಡು ಮನೆ!" ಮಂಜನಿಗೆ ಜೀವವೇ ಹೋದಂತಾಯ್ತು. ಮತ್ತೆ ಪೆನ್ನು ಹಿಡಿದ. ಇಬ್ಬರದೂ ಸೇರಿ 2,90,000. ಎರಡನೇ ಮನೆಯ ಬಾಡಿಗೆ, ಗ್ಯಾಸು, ಕರೆಂಟು, ತಿಂಗಳಿಗೆರಡು ಸಲ ಓಡಾಟ ಅಂತ ಧಾರಾಳವಾಗಿ 50,000 ಕಳೆದ. ಉಳಿದದ್ದು 2,40,000. ಎಲ್ಲರೂ ಪುಣೆಗೆ ಹೋದರೆ, ಸುಧಾಗೆ ಕೆಲಸ ಸಿಗೋವರೆಗೂ ಬರೀ 1,60,000. ಒಂದು ನಿಮಿಷ ಲಗ್ನಪತ್ರಿಕೆಯನ್ನೇ ನೋಡಿದ. "ಎರಡು ಮನೆ ಮಾಡೋದಕ್ಕಿಂತ ಒಬ್ಬರು ಸುಮ್ನೆ ಕೂರೋದೇ ದುಬಾರಿ ಕಣ್ರೋ!"

ನನ್ನ ಕೇಳಿದರೆ, 'ಯಾರು ಮೊದಲು' ಅನ್ನೋದನ್ನ ಅರ್ಧ ತೀರ್ಮಾನ ಮಾಡಿದ್ದು ಸಂಬಳವಲ್ಲ, ತಾರೀಖು. ರಘು ಕಂಪನಿಯಲ್ಲಿ ನೋಟಿಸ್ 90 ದಿನ, ಸುಧಾದು 30. ಇವತ್ತು ರಾಜೀನಾಮೆ ಕೊಟ್ಟರೂ ರಘು ಹೊರಡೋದು ಜುಲೈಗೆ. ಶಾಲೆ ಶುರುವಾಗೋದು ಜೂನ್‌ಗೆ. ಮಗಳನ್ನ ಅಪ್ಪನ ಜೊತೆ ಕಳಿಸಿದರೆ ಒಂದು ತಿಂಗಳು ಇಲ್ಲಿ, ಮಿಕ್ಕಿದ್ದು ಅಲ್ಲಿ.

"ಹಾಗಾದ್ರೆ ಮಗು ನನ್ನ ಜೊತೆ" ಅಂದಳು ಸುಧಾ.

"ಅಲ್ಲಿ ತೆಲುಗು ಕಡ್ಡಾಯ ಅಲ್ವಾ?" ರಘು ಕೊನೇ ಅಸ್ತ್ರ ಬಿಟ್ಟ. ತೆಲಂಗಾಣದಲ್ಲಿ 2018ರಿಂದಲೇ ಅದಕ್ಕೆ ಕಾನೂನಿದೆ, ಸುಳ್ಳಲ್ಲ. ಆದರೆ ಮಹಾರಾಷ್ಟ್ರವೂ 2020ರಲ್ಲಿ ಮರಾಠಿಗೆ ಅಂಥದ್ದೇ ಕಾನೂನು ಮಾಡಿಕೊಂಡಿದೆ.

ಅಡುಗೆಮನೆಯಿಂದ ರಘು ಅಮ್ಮನ ದನಿ ಬಂತು. "ತೆಲುಗು ಅಕ್ಷರ ಹೆಚ್ಚುಕಮ್ಮಿ ನಮ್ಮದೇ ಕಣೋ, ತಲೆಕಟ್ಟು ಬೇರೆ ಅಷ್ಟೆ. ನಾನೇ ಹೋಗಿ ಹೇಳಿಕೊಡ್ತೀನಿ. ಕಾಚಿಗುಡ ಎಕ್ಸ್‌ಪ್ರೆಸ್ ಇಲ್ಲಿಂದಲೇ ಹೊರಡುತ್ತಲ್ಲ."

"ಅಮ್ಮ, ನೀನೂ ಅವಳ ಕಡೇನಾ!"

ಶಶಿ ಮಾತ್ರ ಇನ್ನೊಂದು ಕೊಕ್ಕೆ ಹಾಕಿದಳು. ಬೇರೆ ಬೇರೆ ಇರೋದು ಎಲ್ಲೀವರೆಗೆ ಅಂತ ಈಗಲೇ ತಾರೀಖು ಬರೀಬೇಕು. ಬರೀದಿದ್ರೆ 'ಇನ್ನಾರು ತಿಂಗಳು' ಅನ್ನುತ್ತಲೇ ಮಗಳು ಹೈಸ್ಕೂಲಿಗೆ ಬರ್ತಾಳೆ. ಕೊನೆಗೆ ಒಂದೂವರೆ ವರ್ಷ ಅಂತಾಯ್ತು. ಅಷ್ಟರೊಳಗೆ ಸುಧಾಗೆ ಪುಣೇಲಿ ಸರಿಯಾದ ಕೆಲಸ ಸಿಗದಿದ್ರೆ ರಘು ಹೈದರಾಬಾದಲ್ಲಿ ಹುಡುಕಬೇಕು. ಕಾರ್ಖಾನೆ ಇಲ್ಲದಿದ್ರೇನು, ಹ್ಯುಂಡೈನ ಎಂಜಿನಿಯರಿಂಗ್ ಕೇಂದ್ರ ಅಲ್ಲಿದೆ, ಜಹೀರಾಬಾದಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಇದೆ.

"ಟ್ರ್ಯಾಕ್ಟರಾ?" ರಘು ಮುಖ ಸಣ್ಣಗಾಯ್ತು.

"ಅದಿರಲಿ ಬಿಡೋ" ಅಂದ್ರು ಅವರಮ್ಮ. "ಜುಲೈಗಿನ್ನೂ ಮೂರು ತಿಂಗಳಿದೆ. ಇವತ್ತು ರಾತ್ರಿ ಸಾರು ನೀನೇ ಮಾಡು. ಹುಣಸೆಹಣ್ಣು ಎಲ್ಲಿಟ್ಟಿದೀನಿ ಅಂತ ಮಾತ್ರ ಕೇಳಬೇಡ."