ಒಂಬತ್ತು ಸಿಸಿಪಿ ಬರೆದ ಪನೀರ್ ಘಟಕ: ಯಾವುದು ಪಿಆರ್‌ಪಿ, ಯಾವುದು ಹ್ಯಾಸಪ್?

ಪನೀರ್ ಘಟಕ, ಮಂಡ್ಯ: ದಿನಕ್ಕೆ 500 ಲೀಟರ್ ಹಾಲು, 100 ಲೀಟರಿನ ಐದು ಬ್ಯಾಚ್. ಹ್ಯಾಸಪ್, ಅಂದ್ರೆ ಆಹಾರದ ಅಪಾಯ ತಡೆಯೋ ಪ್ಲಾನಲ್ಲಿ ಒಂಬತ್ತು ಸಿಸಿಪಿ, ಅಂದ್ರೆ ಅಪಾಯ ತಡೆಯೋ ನಿರ್ಣಾಯಕ ಹಂತ, ಅಂತ ಬರೆದಿದ್ವಿ. ಹಾಲು ಕಾಯಿಸೋದು, ಕೈ ತೊಳೆಯೋದು, ಇಲಿ-ಜಿರಲೆ, ಥರ್ಮಾಮೀಟರ್, ತಣ್ಣೀರು ತೊಟ್ಟಿ, ಕೋಲ್ಡ್ ರೂಮ್, ಹೀಗೆ. ಪಿಆರ್‌ಪಿ, ಅಂದ್ರೆ ಇಡೀ ಘಟಕದ ದಿನನಿತ್ಯದ ನೈರ್ಮಲ್ಯ, ಅದರ ಕೆಳಗೆ ಏನು, ಹ್ಯಾಸಪ್ ಕೆಳಗೆ ಏನು ಅಂತ ಬೇರೆ ಮಾಡಿ ತನ್ನಿ ಅಂದ್ರು ಆಡಿಟರ್. ಹೇಗೆ ವಿಂಗಡಿಸೋದು?

ಬೇಕರಿ ಸೂಪರ್‌ವೈಸರ್, ಮೈಸೂರು: ಸುಲಭ ಸರ್. ನಂಬರ್ ಹಾಕಿ ಅಳೆಯೋ ಹಾಗಿದ್ರೆ ಸಿಸಿಪಿ, ಇಲ್ಲಾಂದ್ರೆ ಪಿಆರ್‌ಪಿ.

ಡೇರಿ ಕ್ವಾಲಿಟಿ, ಮೈಸೂರು: ಅರ್ಧ ಸರಿ. ನೀರಿನ ಕ್ಲೋರಿನ್ನಿಗೂ ನಂಬರ್ ಇದೆ, ಆದರೂ ಅದು ಪಿಆರ್‌ಪಿಯೇ. ಅಳೆಯೋಕೆ ಬರಬೇಕು ನಿಜ, ಅದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ. ಈ ಹಂತ ಇರೋದೇ ಆ ಅಪಾಯ ತೆಗೆಯೋದಕ್ಕಾ? ತಪ್ಪಿದರೆ ಆ ಬ್ಯಾಚನ್ನೇ ಗುರುತಿಸಿ, ಮುಂದಕ್ಕೆ ಹೋಗುವ ಮುಂಚೆ ತಡೆಯಬಹುದಾ?

ಹಾಲು ಕಾಯಿಸೋದು ಎರಡಕ್ಕೂ ಹೂಂ ಅನ್ನುತ್ತೆ. ಕೈ ತೊಳೆಯೋದು ಅನ್ನಲ್ಲ. ಅದು ಇಡೀ ಘಟಕಕ್ಕೆ, ಇಡೀ ದಿನಕ್ಕೆ ಹಾಸಿದ ನೆಲ ಇದ್ದ ಹಾಗೆ, ಯಾವ ಒಂದು ಬ್ಯಾಚಿಗೂ ಸೇರಿದ್ದಲ್ಲ. ಅದನ್ನ ಸಿಸಿಪಿ ಅಂತ ಬರೆದರೆ ಸೋಪು ಖಾಲಿಯಾದ ದಿನ ಅಷ್ಟೂ ಪನೀರನ್ನ ಅಸುರಕ್ಷಿತ ಆಗಿರಬಹುದು ಅಂತ ತಡೆಹಿಡಿಯಬೇಕಾಗುತ್ತೆ. ನೀವು ತಡೆಹಿಡಿದಿರೋದಿಲ್ಲ, ಆಡಿಟರ್ ಹಿಡಿಯೋದು ಅಲ್ಲೇ. ಕೈ, ಇಲಿ-ಜಿರಲೆ, ಪಾತ್ರೆ ತೊಳೆಯೋದು, ಕುಡಿಯುವ ನೀರು, ಸಿಬ್ಬಂದಿ ಆರೋಗ್ಯ, ಎಫ್‌ಎಸ್‌ಎಸ್‌ಎಐ ಶೆಡ್ಯೂಲ್ 4ರಲ್ಲಿ ಬರೋ ಇಂಥದ್ದೆಲ್ಲ ಪಿಆರ್‌ಪಿ ಫೈಲಿಗೆ ಹೋಗಲಿ.

ಇನ್ನು ಕಾಯಿಸೋ ಹಂತದ ಮಿತಿ ಎಷ್ಟು ಅಂತ ಬರೆದಿದ್ದೀರಿ?

ಪನೀರ್ ಘಟಕ, ಮಂಡ್ಯ: 90 ಡಿಗ್ರಿ ಸರ್. ಕೆಲವು ದಿನ 88ಕ್ಕೇ ಇಳಿಸ್ತಾರೆ.

ಡೇರಿ ಕ್ವಾಲಿಟಿ, ಮೈಸೂರು: ಹಾಗಾದ್ರೆ 88ರ ಪ್ರತಿ ಬ್ಯಾಚೂ ನಿಮ್ಮ ಕೈಬರಹದಲ್ಲೇ ಮಿತಿ ತಪ್ಪಿದ ಬ್ಯಾಚ್. 90 ಇರೋದು ಇಳುವರಿಗೆ, ಹಾಲೊಡಕಿಗೆ ಹೋಗೋ ಪ್ರೋಟೀನ್ ಪನೀರಿನ ಜೊತೆ ಬರಲಿ ಅಂತ. ರೋಗಾಣು ಸಾಯೋದಕ್ಕೆ ಪಾಶ್ಚರೀಕರಣದ ಕನಿಷ್ಠ 63 ಡಿಗ್ರಿಗೆ 30 ನಿಮಿಷ, ಇಲ್ಲವೇ 72ಕ್ಕೆ 15 ಸೆಕೆಂಡ್. ಆ 72 ಪೈಪಿನಲ್ಲಿ ಹರಿಯೋ ಹಾಲಿಗೆ. ತೆರೆದ ಹಂಡೆಯಲ್ಲಿ ಅಂಚು ಬಿಸಿ, ಮೇಲ್ಭಾಗ ತಣ್ಣಗೆ ಇರುತ್ತೆ. ಅದಕ್ಕೇ ಮಿತಿ 80, ಕೆಲಸದ ಗುರಿ 90 ಅಂತ ಎರಡು ಬೇರೆ ಅಂಕಿ ಬರೆಯಿರಿ. ಕೈಯಾಡಿಸಿ, ತೀರ ತಣ್ಣಗಿರೋ ಜಾಗದಲ್ಲಿ ಅಳೆದು, ಹುಳಿ ಹಾಕುವ ಮುಂಚೆ ಸಹಿ ಮಾಡಿ. 80 ಮುಟ್ಟದಿದ್ದರೆ ಆ ಹೊತ್ತಲ್ಲಿ ಮತ್ತೆ ಕಾಯಿಸಬಹುದು. ಹುಳಿ ಬಿದ್ದ ಮೇಲೆ ಬ್ಯಾಚ್ ಎತ್ತಿಡೋದೊಂದೇ ದಾರಿ.

ಆಲೆಮನೆ, ಪಾಂಡವಪುರ ಕಡೆ: ನಾವೂ ಪಾಕನ 118 ಡಿಗ್ರಿವರೆಗೆ ಕಾಯಿಸ್ತೀವಣ್ಣ, ನಮ್ದೂ ಸಿಸಿಪಿನಾ?

ಡೇರಿ ಕ್ವಾಲಿಟಿ, ಮೈಸೂರು: ನಿಮ್ಮದು ಬೆಲ್ಲ ಕಟ್ಟೋಕೆ ಬೇಕಾದ ಪಾಕದ ಹದ ಅಣ್ಣ. ಅದು ತಪ್ಪಿದರೆ ಅಚ್ಚು ಕೆಡುತ್ತೆ, ತಿಂದವರಿಗೆ ಕಾಯಿಲೆ ಬರಲ್ಲ. ನಿಮ್ಮಲ್ಲಿ ನೋಡಬೇಕಾದ್ದು ಬೆಲ್ಲದ ಬಣ್ಣ ತಿಳಿ ಮಾಡೋ ಹೈಡ್ರೋಸ್ ಎಷ್ಟು ಹಾಕ್ತೀರಿ ಅನ್ನೋದು, ಆಮೇಲೆ ಜರಡಿ.

ಲ್ಯಾಬ್ ಟೆಕ್ನಿಷಿಯನ್, ಮೈಸೂರು: ಥರ್ಮಾಮೀಟರ್ ಬಗ್ಗೆ ಒಂದು ಮಾತು. ಅದನ್ನ ಸರಿ ನೋಡೋದು ಪಿಆರ್‌ಪಿ, ಆದರೆ ಸಿಸಿಪಿ ನಿಂತಿರೋದೇ ಅದರ ಮೇಲೆ. ಕುದಿಯೋ ನೀರಲ್ಲಿಟ್ಟು 100 ತೋರಿಸ್ತಿಲ್ಲ ಅಂತ ತಿರುಪು ತಿರುಗಿಸ್ತಾರೆ. ಮಂಡ್ಯ, ಮೈಸೂರಿನ ಎತ್ತರಕ್ಕೆ ನೀರು ಕುದಿಯೋದೇ ಸುಮಾರು 97.5ಕ್ಕೆ. ಅದನ್ನ 100 ಮಾಡಿದರೆ ಮೀಟರ್ 80 ಅಂದಾಗ ಹಾಲು ನಿಜಕ್ಕೂ 77.5ರ ಆಸುಪಾಸಲ್ಲಿರುತ್ತೆ. ಪುಡಿ ಮಾಡಿದ ಐಸ್ ನೀರಲ್ಲಿ ಸೊನ್ನೆ ನೋಡೋದು ಮೇಲು.

ಪನೀರ್ ಘಟಕ, ಮಂಡ್ಯ: ಅಯ್ಯೋ, ನಮ್ಮ ಹುಡುಗ ಮಾಡಿರೋದು ಅದೇ ಇರಬೇಕು. ಸರಿ, ತಣ್ಣೀರು ತೊಟ್ಟಿ? ಒತ್ತಿದ ಗಟ್ಟಿನ ಎರಡು ಗಂಟೆ ಅದರಲ್ಲಿ ಇಡ್ತೀವಿ.

ಡೇರಿ ಕ್ವಾಲಿಟಿ, ಮೈಸೂರು: ಪಟ್ಟೀಲಿ ಕಷ್ಟದ್ದು ಅದೊಂದೇ. ಅದಾದ ಮೇಲೆ ಕಾಯಿಸೋ ಹಂತ ಇಲ್ಲ, ನೀರು ಕೆಟ್ಟರೆ ಕಾಯಿಸಿದ ಪುಣ್ಯ ಎಲ್ಲಾ ನೀರುಪಾಲು. ಆದರೆ ತೊಟ್ಟಿ ಅಪಾಯ ತೆಗೆಯಲ್ಲ, ಹೊಸದು ಬರದ ಹಾಗೆ ಕಾಯುತ್ತೆ ಅಷ್ಟೆ. ಐಎಸ್‌ಒ 22000 ಆಡಿಟ್ ಆದರೆ ನಾನು ಓಪಿಆರ್‌ಪಿ, ಅಂದ್ರೆ ಪಿಆರ್‌ಪಿಗೂ ಸಿಸಿಪಿಗೂ ನಡುವಿನದು, ಅಂತ ಹಾಕ್ತೀನಿ. ಬ್ಯಾಚಿಗೊಂದು ಸಲ ನೀರಿನ ಶಾಖ (4ರಿಂದ 6 ಡಿಗ್ರಿ), ಕ್ಲೋರಿನ್ ಎರಡನ್ನೂ ಬರೆಯೋದು. ಅಂತರರಾಷ್ಟ್ರೀಯ ಆಹಾರ ಸಂಹಿತೆ ಕೋಡೆಕ್ಸ್ ಪ್ರಕಾರದ ಆಡಿಟ್ ಆದರೆ ಓಪಿಆರ್‌ಪಿ ಅನ್ನೋ ಹೆಸರೇ ಅಲ್ಲಿಲ್ಲ. 2020ರ ತಿದ್ದುಪಡಿಯಲ್ಲಿ ‘ಹೆಚ್ಚು ಗಮನ ಬೇಕಾದ’ ನೈರ್ಮಲ್ಯ ಕ್ರಮ ಅಂತ ಕರೆದಿದ್ದಾರೆ.

ಲ್ಯಾಬ್ ಟೆಕ್ನಿಷಿಯನ್, ಮೈಸೂರು: ನಾನು ಒಪ್ಪಲ್ಲ ಸರ್. ನೀರಲ್ಲಿ ಅದ್ದಿ ನೋಡೋ ಕ್ಲೋರಿನ್ ಪಟ್ಟಿ ಒಂದು ನಿಮಿಷದಲ್ಲಿ ಉತ್ತರ ಕೊಡುತ್ತೆ, ಗಟ್ಟಿ ಇಳಿಸುವ ಮುಂಚೆಯೇ ನಿಲ್ಲಿಸಬಹುದು. ಸಿಸಿಪಿ ಅಂದರೆ ತಪ್ಪೇನು?

ಡೇರಿ ಕ್ವಾಲಿಟಿ, ಮೈಸೂರು: ತಪ್ಪಲ್ಲ. ಆದರೆ ಗಟ್ಟಿ ಇಳಿಸಿದ ಮೇಲೆ ಅದರ ಕೊಬ್ಬು, ಪ್ರೋಟೀನ್ ನೀರಿಗೆ ಸೇರಿ ಅರ್ಧ ಗಂಟೆಯಲ್ಲೇ ಕ್ಲೋರಿನ್ ಇಳಿಯುತ್ತೆ, ಆಗ ಏನು ಮಾಡ್ತೀರಿ? ಅಷ್ಟನ್ನೂ ತಡೆಹಿಡಿಯೋಕೆ ತಯಾರಿದ್ರೆ ಸಿಸಿಪಿ ಅಂತಲೇ ಬರೀಲಿ.

ಪನೀರ್ ಘಟಕ, ಮಂಡ್ಯ: ನಾಳೆ ಮೊದಲ ಬ್ಯಾಚಲ್ಲಿ ಇಳಿಸೋ ಮುಂಚೆ, ಅರ್ಧ ಗಂಟೆಗೆ, ಎತ್ತೋವಾಗ, ಮೂರು ಸಲ ಪಟ್ಟಿ ಅದ್ದಿ ನೋಡ್ತೀನಿ. ಅಂಕಿ ನೋಡ್ಕೊಂಡು ಎಲ್ಲಿಗೆ ಸೇರಿಸೋದು ಅಂತ ಬರೀತೀನಿ.