ಪಾಠದ ಹೆಸರು ಮುಚ್ಚಿಟ್ಟರೆ ಲೆಕ್ಕ ಯಾಕೆ ಬರಲ್ಲ? ಗಣಿತದ ಮಾಸ್ತರಿಗೆ ಪ್ರಶ್ನೆಗಳು

ಶೈಲಾ, ಹಾವೇರಿ: ನಮಸ್ಕಾರ ಸರ್. ಮಗಳು ಎಸ್ಸೆಸ್ಸೆಲ್ಸಿ. ಪುಸ್ತಕದ ಎಲ್ಲಾ ಅಭ್ಯಾಸ ಎರಡೆರಡು ಸಲ ಮಾಡಿದ್ದಾಳೆ, ಮನೆಯಲ್ಲಿ ತಪ್ಪೇ ಇರಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 80ಕ್ಕೆ 34 ಬಂದಿದೆ. "ಪ್ರಶ್ನೆ ಯಾವ ಪಾಠದ್ದು ಅಂತಾನೇ ಗೊತ್ತಾಗಲಿಲ್ಲ ಅವ್ವಾ" ಅಂತಾಳೆ. ಬೆರಕೆ ಲೆಕ್ಕ ಮಾಡಿಸಿ ಅಂತ ಯಾರೋ ಹೇಳಿದರು. ಹೇಗೆ ಮಾಡಿಸೋದು?

ಮಾಸ್ತರ್, ಧಾರವಾಡ: ಮೊದಲು ಉತ್ತರ ಪತ್ರಿಕೆ ತೆಗೆದುಕೊಂಡು ಕೂತುಕೊಳ್ಳಿ. ಕಳೆದುಕೊಂಡ 46 ಅಂಕಗಳನ್ನು ಎರಡು ಕಾಲಂ ಮಾಡಿ. ಒಂದು, ದಾರಿಯೇ ತಪ್ಪಿದ್ದು. ಇನ್ನೊಂದು, ದಾರಿ ಸರಿ ಇದ್ದು ಕೂಡಿಸು-ಕಳೆಯಲ್ಲಿ ತಪ್ಪಿದ್ದು. ಬರೆಯದೇ ಬಿಟ್ಟದ್ದನ್ನು ಬೇರೆ ಇಡಿ. ಈಗ ಚಿಗರಿ ಬಸ್ಸಿನಲ್ಲಿ ನಿಂತಿದ್ದೇನೆ, ಮನೆಗೆ ಹೋಗಿ ಬರೆಯುತ್ತೇನೆ.

ಗದಗ ಬಸವರಾಜ: ಇದು ಒಳ್ಳೇದು ಸರ್. ನಮ್ಮ ಹುಡುಗನಿಗೂ ಅರ್ಧ ತಾಸು ಗಣಿತ, ಅರ್ಧ ತಾಸು ಸಮಾಜ, ಆಮೇಲೆ ಹಿಂದಿ, ಹೀಗೆ ಬೆರೆಸಿ ಓದಿಸುತ್ತಿದ್ದೇವೆ.

ಮಾಸ್ತರ್, ಧಾರವಾಡ: ಅದು ಟೈಂಟೇಬಲ್, ಬೆರಕೆ ಅಲ್ಲ. ಸಮಾಜದ ಪ್ರಶ್ನೆಗೆ ಯಾರೂ ಪೈಥಾಗೊರಸ್ ಹಾಕಲ್ಲ. ಒಂದಕ್ಕೊಂದು ಗೊಂದಲ ಆಗುವ ಲೆಕ್ಕಗಳನ್ನು ಬೆರೆಸಬೇಕು.

ಶೈಲಾ, ಹಾವೇರಿ: ಲೆಕ್ಕ ಹಾಕಿದೆ ಸರ್. ದಾರಿ ತಪ್ಪಿದ್ದು 29. ಕೂಡಿಸು-ಕಳೆ ತಪ್ಪು 11. ಬಿಟ್ಟದ್ದು 6. ನೆರಳಿನ ಲೆಕ್ಕಕ್ಕೆ tan 45° ಅಂತ ಬರೆದಿದ್ದಾಳೆ, ಪ್ರಶ್ನೆಯಲ್ಲಿ 45 ಎಲ್ಲೂ ಇಲ್ಲ!

ಮಾಸ್ತರ್, ಧಾರವಾಡ: ಆ 45 ಎಲ್ಲಿಂದ ಬಂತು ಗೊತ್ತಾ? ತ್ರಿಕೋನಮಿತಿ ಪಾಠದಲ್ಲಿ ಅವಳು ನೆರಳು, ಗೋಪುರ, ಏಣಿ ಅಂತ ಸಾಲಾಗಿ ಹದಿನೈದು ಲೆಕ್ಕ ಮಾಡಿದ್ದಾಳೆ. ಎಲ್ಲದಕ್ಕೂ ಒಂದು ಕೋನ ಕೊಟ್ಟಿದ್ದರು. ಹಾಗಾಗಿ ನೆರಳು ಅಂದ ಕೂಡಲೇ ಕೈ ಕೋನ ಹುಡುಕುತ್ತದೆ. ಸಿಗದಿದ್ದರೆ ತಾನೇ ಒಂದು ಹಾಕಿಕೊಳ್ಳುತ್ತದೆ.

ಅಭ್ಯಾಸ ಮಾಡುವಾಗ ಪಾಠದ ಹೆಸರೇ ಅವಳಿಗೆ ಅರ್ಧ ಉತ್ತರ ಹೇಳಿಕೊಡುತ್ತಿತ್ತು. ಮೇಲೆ "ತ್ರಿಭುಜಗಳು" ಅಂತ ಇದ್ದರೆ ಯಾವ ದಾರಿ ಅಂತ ಯೋಚನೆಯೇ ಬೇಡ, ಲೆಕ್ಕ ಮಾಡಿದರೆ ಆಯಿತು. ಅವಳು ಎರಡು ಸಲ ಅಭ್ಯಾಸ ಮಾಡಿದ್ದು ಲೆಕ್ಕ ಮಾಡುವುದನ್ನು. ದಾರಿ ಆರಿಸುವುದನ್ನು ಒಂದು ಸಲವೂ ಮಾಡಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಪಾಠದ ಹೆಸರು ಇರಲ್ಲ ನೋಡಿ.

ಇವತ್ತು ರಾತ್ರಿ ಈ ಮೂರು ಕೊಡಿ. ಬಿಡಿಸುವುದು ಬೇಡ. ಪ್ರತಿಯೊಂದರ ಕೆಳಗೆ ಯಾವ ದಾರಿ, ಯಾಕೆ ಅಂತ ಒಂದು ಸಾಲು ಬರೆಯಲಿ, ಅಷ್ಟೇ.

ಒಂದು: 10 ಮೀಟರ್ ಏಣಿ 8 ಮೀಟರ್ ಎತ್ತರದ ಕಿಟಕಿಗೆ ಮುಟ್ಟುತ್ತದೆ. ಏಣಿಯ ಬುಡ ಗೋಡೆಯಿಂದ ಎಷ್ಟು ದೂರ?

ಎರಡು: ಏಣಿಯ ಬುಡ ಗೋಡೆಯಿಂದ 2.5 ಮೀಟರ್ ದೂರ ಇದೆ. ಏಣಿ ನೆಲದೊಂದಿಗೆ 60° ಕೋನ ಮಾಡುತ್ತದೆ. ಏಣಿ ಎಷ್ಟು ಉದ್ದ?

ಮೂರು: ನೆಟ್ಟಗೆ ನಿಲ್ಲಿಸಿದ 1.5 ಮೀಟರ್ ಕೋಲಿನ ನೆರಳು 1 ಮೀಟರ್. ಅದೇ ಹೊತ್ತಿಗೆ ಬೇವಿನ ಮರದ ನೆರಳು 8 ಮೀಟರ್. ಮರ ಎಷ್ಟು ಎತ್ತರ?

ಮೂರರ ಚಿತ್ರವೂ ಹೆಚ್ಚು ಕಡಿಮೆ ಒಂದೇ, ಲಂಬಕೋನ ತ್ರಿಭುಜ. ಮೊದಲನೆಯದರಲ್ಲಿ ಎರಡು ಬಾಹು ಗೊತ್ತು, ಕೋನ ಇಲ್ಲ: ಪೈಥಾಗೊರಸ್, 6 ಮೀಟರ್. ಎರಡನೆಯದರಲ್ಲಿ ಒಂದು ಬಾಹು, ಒಂದು ಕೋನ: cos 60°, 5 ಮೀಟರ್. ಮೂರನೆಯದರಲ್ಲಿ ಕೋನ ಇಲ್ಲ, ಆದರೆ ಒಂದೇ ಬಿಸಿಲಲ್ಲಿ ಎರಡು ನೆರಳು ಇವೆ: ಸಮರೂಪ ತ್ರಿಭುಜ, 12 ಮೀಟರ್. ಏಣಿ, ನೆರಳು ಅನ್ನುವ ಶಬ್ದ ದಾರಿ ಹೇಳಲ್ಲ. ಏನು ಕೊಟ್ಟಿದ್ದಾರೆ, ಏನು ಕೊಟ್ಟಿಲ್ಲ ಅನ್ನುವುದು ಹೇಳುತ್ತದೆ. ಇದನ್ನು ಬೇರೆ ಬೇರೆ ವಾರ ಬೇರೆ ಬೇರೆ ಪಾಠದಲ್ಲಿ ನೋಡಿದರೆ ಕಾಣಲ್ಲ. ಪಕ್ಕ ಪಕ್ಕ ಇಟ್ಟಾಗ ಕಾಣುತ್ತದೆ.

ನಾಳೆಯಿಂದ ದಿನಕ್ಕೆ ಎಂಟೇ ಲೆಕ್ಕ. ಪುಸ್ತಕದ ಲೆಕ್ಕಗಳನ್ನೇ ಚೀಟಿಯಲ್ಲಿ ಬರೆದು ಒಂದು ಡಬ್ಬಿಗೆ ಹಾಕಿ. ಹಿಂದೆ ಉತ್ತರ ಬರೆದಿಡಿ, ಮುಂದೆ ಪಾಠದ ಹೆಸರು ಬೇಡ. ಒಂದೇ ಬಗೆಯ ಎರಡು ಒಂದರ ಹಿಂದೆ ಒಂದು ಬರಬಾರದು. ಮೊದಲು ದಾರಿಯ ಸಾಲು, ಆಮೇಲೆ ಲೆಕ್ಕ, ಕೂಡಲೇ ಚೀಟಿ ತಿರುಗಿಸಿ ಉತ್ತರ ನೋಡುವುದು. ತಪ್ಪಿದ ಚೀಟಿ ಮೂರು-ನಾಲ್ಕು ದಿನ ಬಿಟ್ಟು ಮತ್ತೆ ಬರಲಿ.

ರಾಣೇಬೆನ್ನೂರು ಗೀತಾ: ಸರ್ ನನ್ನ ಮಗನಿಗೂ ಇದೇ ಸಮಸ್ಯೆ. ಏನು ಮಾಡಬೇಕು?

ಮಾಸ್ತರ್, ಧಾರವಾಡ: ಮೇಲೆ ಬರೆದಿದ್ದೇನೆ.

ಗದಗ ಬಸವರಾಜ: ಇದನ್ನೂ ನೋಡಿ ಸರ್, ಫಾರ್ವರ್ಡ್ ಬಂದಿದ್ದು. *ಶಬ್ದ ನೋಡಿ ಸೂತ್ರ ಹಿಡಿಯಿರಿ! ನೆರಳು, ಗೋಪುರ = ತ್ರಿಕೋನಮಿತಿ. ಸಾಲು, ಕಂತು = ಶ್ರೇಢಿ. ವಯಸ್ಸು = ಜೋಡಿ ಸಮೀಕರಣ. 10 ಗ್ರೂಪಿಗೆ ಕಳಿಸಿ.* ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದ್ದೇವೆ.

ಮಾಸ್ತರ್, ಧಾರವಾಡ: ಕಿತ್ತು ಹಾಕಿ. ಶೈಲಾ ಅವರ ಮಗಳ tan 45° ಇದೇ ಬಗೆಯ ಪಟ್ಟಿಯಿಂದ ಹುಟ್ಟುವುದು. ನಾನು ಈಗಷ್ಟೇ ನೆರಳಿನ ಲೆಕ್ಕ ಬರೆದೆ, ಅದರಲ್ಲಿ ತ್ರಿಕೋನಮಿತಿ ಎಲ್ಲಿದೆ? ಇಬ್ಬರ ವಯಸ್ಸಿನ ಗುಣಲಬ್ಧ ಕೊಟ್ಟರೆ ಅದು ವರ್ಗ ಸಮೀಕರಣ ಆಗುತ್ತದೆ. ಈ ಪಟ್ಟಿ ಪಾಠದ ಹೆಸರನ್ನೇ ಹಿಂಬಾಗಿಲಿಂದ ಒಳಗೆ ತರುತ್ತದೆ.

ಗದಗ ಬಸವರಾಜ: ಇಷ್ಟು ಸಿಟ್ಟು ಯಾಕ್ರೀ, ಒಳ್ಳೇದಕ್ಕೇ ಹಾಕಿದ್ದು.

ಹುಬ್ಬಳ್ಳಿ ಮಂಜು: ನಾನು ಹನ್ನೆರಡು ವರ್ಷದಿಂದ ಟ್ಯೂಷನ್ ಮಾಡುತ್ತೇನೆ. ಒಂದು ಪಾಠ ಹಿಡಿದರೆ 50 ಲೆಕ್ಕ ಮಾಡಿಸಿಯೇ ಮುಂದಕ್ಕೆ. ನಮ್ಮಲ್ಲಿ ಪಾಠದ ಟೆಸ್ಟಿನಲ್ಲಿ 25ಕ್ಕೆ 22-23 ಬರುತ್ತೆ. ಬೆರಕೆ ಕೊಟ್ಟು ನೋಡಿದ್ದೇನೆ, ಮಕ್ಕಳು 12ಕ್ಕೆ ಇಳಿದರು. ಸುಮ್ನೆ ಗೊಂದಲ.

ಧಾರವಾಡ ರೇಖಾ: ಸರ್, ನಾನು ಬಿ.ಎಡ್. ವಿದ್ಯಾರ್ಥಿನಿ. ರೋರರ್ ಮತ್ತು ಟೇಲರ್ 2007ರಲ್ಲಿ ಇದನ್ನೇ ಪ್ರಯೋಗ ಮಾಡಿದ್ದಾರೆ. ಅಭ್ಯಾಸದ ಹೊತ್ತಿಗೆ ಸಾಲಾಗಿ ಮಾಡಿದವರು ಶೇ. 89, ಬೆರಕೆಯವರು ಶೇ. 60. ಒಂದು ವಾರ ಬಿಟ್ಟು ಪರೀಕ್ಷೆ ಇಟ್ಟರೆ ಸಾಲಿನವರು ಶೇ. 20, ಬೆರಕೆಯವರು ಶೇ. 63. ನಿಮ್ಮ 22-23 ಆ 89 ಇದ್ದ ಹಾಗೆ. ಸಾಲಾಗಿ ಕಲಿಸೋದು ಪೂರಾ ತಪ್ಪು ಅಂತ ಸಾಬೀತಾಗಿದೆ.

ಹುಬ್ಬಳ್ಳಿ ಮಂಜು: ಪುಸ್ತಕ ಓದಿ ಹೇಳೋದು ಸುಲಭ ತಂಗಿ. ನಲವತ್ತು ಮಕ್ಕಳ ಮುಂದೆ ನಿಂತು ನೋಡು.

ಧಾರವಾಡ ರೇಖಾ: ನಾನು ನಿಮಗೆ ತಂಗಿ ಅಲ್ಲ ಸರ್. ವಿಷಯಕ್ಕೆ ಉತ್ತರ ಕೊಡಿ.

ಕುಂದಗೋಳ ಈರಣ್ಣ: ಟ್ಯೂಷನ್ ಫೀ ಎಷ್ಟು ಮಂಜು ಅವರೇ? 50 ಲೆಕ್ಕ ಮಾಡಿಸಿದರೆ ತಿಂಗಳು ಜಾಸ್ತಿ ಎಳೆಯುತ್ತೆ ಅಲ್ವಾ 😀

ಹುಬ್ಬಳ್ಳಿ ಮಂಜು: ಬಾಯಿಗೆ ಬಂದ ಹಾಗೆ ಬರೀಬೇಡಿ.

ಮಾಸ್ತರ್, ಧಾರವಾಡ: ಫೀ ಮಾತು ಬೇರೆ ಕಡೆ ಆಡಿ. ರೇಖಾ, ಅಂಕಿ ಸರಿ. ಆದರೆ ಆ ಪ್ರಯೋಗದವರು ಕಾಲೇಜು ವಿದ್ಯಾರ್ಥಿಗಳು. ನಾಲ್ಕು ಅಪರೂಪದ ಘನಾಕೃತಿಗಳ ಘನಫಲ ಕಂಡುಹಿಡಿಯುವುದಷ್ಟೇ ಅವರ ಕೆಲಸ. ಶಾಲೆಗೆ ಹತ್ತಿರದ್ದು 2020ರಲ್ಲಿ ಬಂದದ್ದು: ಅಮೆರಿಕದ ಫ್ಲಾರಿಡಾದಲ್ಲಿ ಏಳನೇ ತರಗತಿಯ 54 ವರ್ಗಗಳು, ತಿಂಗಳು ಬಿಟ್ಟು ಹೇಳದೇ ಇಟ್ಟ ಪರೀಕ್ಷೆಯಲ್ಲಿ ಬೆರಕೆಯವರು ಶೇ. 61, ಸಾಲಿನವರು ಶೇ. 38. ಅಂತರ ಅಲ್ಲೂ ದೊಡ್ಡದು. ಆದರೆ ಬೆರಕೆಯವರಿಗೆ ಹೊತ್ತು ಜಾಸ್ತಿ ಹಿಡಿಯಿತು ಅನ್ನುವುದನ್ನೂ ಹೇಳಬೇಕು.

ಮಂಜು ಅವರದ್ದು ಅರ್ಧ ನಿಜ. ಹೊಸ ಸೂತ್ರ ಕಲಿತ ದಿನವೇ ಬೆರೆಸಿದರೆ ಹುಡುಗನಿಗೆ ಆರಿಸಲಿಕ್ಕೆ ಕೈಯಲ್ಲಿ ಏನೂ ಇರಲ್ಲ. ಮೊದಲ ನಾಲ್ಕು ಒಂದೇ ಬಗೆ ಇರಲಿ, ಐದನೆಯದರಿಂದ ಹಳೆಯ ಪಾಠದ್ದು ನಡುವೆ ಬರಲಿ. ಉಳಿದ 46 ಅನ್ನು ಅದೇ ವಾರ ಮುಗಿಸಬೇಡಿ, ಎರಡು ತಿಂಗಳಿಗೆ ಹಂಚಿ. ಲೆಕ್ಕ ಅಷ್ಟೇ, ಜಾಗ ಬೇರೆ. ನಾನೂ ಬಹಳ ವರ್ಷ ನಿಮ್ಮ ಹಾಗೇ ಮಾಡಿಸಿದವನು.

ಸವಣೂರು ಇಮ್ರಾನ್: ಸರ್, ಪಿಯುಸಿ ಇಂಟಿಗ್ರೇಷನ್‌ಗೂ ಹೀಗೇ ಚೀಟಿ ಮಾಡಬಹುದಾ?

ರಾಣೇಬೆನ್ನೂರು ಗೀತಾ: ಸರ್, ಮಾಡಿದೆ. ನನ್ನ ಮಗ ಒಂದು ಲೆಕ್ಕಕ್ಕೆ ವಿಚಿತ್ರ ಉತ್ತರ ಬರೆದಿದ್ದಾನೆ. "ರಂಗಮಂದಿರದ ಮೊದಲ ಸಾಲಿನಲ್ಲಿ 20 ಕುರ್ಚಿ, ಪ್ರತಿ ಸಾಲಿಗೆ 2 ಜಾಸ್ತಿ. ಒಟ್ಟು 510 ಕುರ್ಚಿ ಇದ್ದರೆ ಸಾಲು ಎಷ್ಟು?" ಉತ್ತರ 246 ಅಂತೆ. ಶ್ರೇಢಿ ಅಂತ ದಾರಿ ಸರಿ ಬರೆದಿದ್ದಾನಲ್ಲ?

ಮಾಸ್ತರ್, ಧಾರವಾಡ: ಇದು ಒಳ್ಳೆಯ ತಪ್ಪು. 246 ಸಾಲಿನ ರಂಗಮಂದಿರ ಹುಬ್ಬಳ್ಳಿಯಲ್ಲಿ ಎಲ್ಲಿದೆ ಅಂತ ಕೇಳಿ ಅವನನ್ನು. ಅವನು 510 = 20 + (n − 1)2 ಅಂತ ಹಾಕಿದ್ದಾನೆ. ಅಂದರೆ ಕೊನೆಯ ಸಾಲೊಂದರಲ್ಲೇ 510 ಕುರ್ಚಿ ಅಂತ ಓದಿದ್ದಾನೆ. 510 ಇರುವುದು ಒಟ್ಟು, ಹಾಗಾಗಿ ಮೊತ್ತದ ಸೂತ್ರ:

n/2 [40 + (n − 1)2] = 510

ಬಿಡಿಸಿದರೆ n² + 19n − 510 = 0. ಈಗ ನೋಡಿ, ಶ್ರೇಢಿ ಪಾಠದಿಂದ ಹೊರಟವನು ವರ್ಗ ಸಮೀಕರಣದಲ್ಲಿ ನಿಂತಿದ್ದಾನೆ. (n + 34)(n − 15) = 0, ಸಾಲು ಋಣ ಆಗಲ್ಲ, ಹಾಗಾಗಿ 15. "ಶ್ರೇಢಿ" ಅಂತ ಬರೆದರೆ ಸಾಲದು. n-ನೇ ಪದವೋ ಮೊತ್ತವೋ ಅಂತಲೂ ಬರೆಯಲಿ. ಒಂದೇ ಪಾಠದ ಒಳಗೂ ಬೆರಕೆ ಬೇಕು ಅನ್ನುವುದು ಇದಕ್ಕೇ. "15ನೇ ಸಾಲಿನಲ್ಲಿ ಎಷ್ಟು" (48), "15 ಸಾಲಿಗೆ ಒಟ್ಟು ಎಷ್ಟು" (510), ಮತ್ತೆ ಇದು, ಈ ಮೂರೂ ಚೀಟಿ ಡಬ್ಬಿಯಲ್ಲಿರಲಿ. ಬೇರೆ ಬೇರೆ ದಿನ ಬರಲಿ.

ಕುಂದಗೋಳ ಈರಣ್ಣ: ಒಂದೆಲಗದ ರಸ 48 ದಿನ ಕುಡಿಸಿದರೆ ಯಾವ ಸೂತ್ರವೂ ಮರೆಯಲ್ಲ ಅಂತಾರೆ, ನಿಜಾನಾ ಸರ್?

ಮಾಸ್ತರ್, ಧಾರವಾಡ: ಆ ಹುಡುಗ ಸೂತ್ರ ಮರೆತಿಲ್ಲ. ತಪ್ಪು ಸೂತ್ರವನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದಾನೆ. ಇಂಥದ್ದು ಇಲ್ಲಿ ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ.

ಸವಣೂರು ಇಮ್ರಾನ್: ಸರ್ ಪಿಯುಸಿ…?

ಲಕ್ಷ್ಮೇಶ್ವರ ಸುಮಾ: ಬೆರಕೆ ಲೆಕ್ಕದ ಪಿಡಿಎಫ್ ಇದ್ದರೆ ಕಳಿಸಿ ಸರ್.

ಮಾಸ್ತರ್, ಧಾರವಾಡ: ಇಲ್ಲ. ಚೀಟಿ ನೀವೇ ಬರೆಯಿರಿ.

ಶೈಲಾ, ಹಾವೇರಿ: ಹತ್ತು ದಿನ ಆಯಿತು ಸರ್. ಮೊದಲ ದಿನ ಎಂಟರಲ್ಲಿ ಎರಡೇ ಸರಿ, ಅತ್ತಳು. "ಮೊದಲು ಎಲ್ಲಾ ಬರುತ್ತಿತ್ತು, ಈಗ ಮರೆತೇ ಹೋಯಿತು" ಅಂದಳು. ನಿನ್ನೆ ಐದು. ಆದರೆ ಬೇವಿನ ಮರದ ಚೀಟಿ ಮತ್ತೆ ತಪ್ಪು. "ಎರಡು ನೆರಳು, ಕೋನ ಇಲ್ಲ, ಸಮರೂಪ" ಅಂತ ಬರೆದು ಉತ್ತರ 5.33 ಮಾಡಿದ್ದಾಳೆ.

ಹುಬ್ಬಳ್ಳಿ ಮಂಜು: ನೋಡಿ, ಹತ್ತು ದಿನಕ್ಕೆ ಎಂಟರಲ್ಲಿ ಐದು. ಪರೀಕ್ಷೆಗೆ ಇನ್ನೆಷ್ಟು ದಿನ ಇದೆ?

ಧಾರವಾಡ ರೇಖಾ: ಎರಡರಿಂದ ಐದಕ್ಕೆ ಬಂದಿದ್ದಾಳೆ ಅನ್ನೋದು ಕಾಣಲ್ವಾ ನಿಮಗೆ?

ಮಾಸ್ತರ್, ಧಾರವಾಡ: ಶೈಲಾ ಅವರೇ, ಅವಳು 8ನ್ನು 1.5ರಿಂದ ಭಾಗಿಸಿದ್ದಾಳೆ, ಗುಣಿಸಬೇಕಿತ್ತು. ಕೋಲು ತನ್ನ ನೆರಳಿಗಿಂತ ಉದ್ದ ಇದೆ, ಮರ ಮಾತ್ರ ನೆರಳಿಗಿಂತ ಗಿಡ್ಡ ಹೇಗಾಯಿತು ಅಂತ ಕೇಳಿ, ತಾನೇ ತಿದ್ದಿಕೊಳ್ಳುತ್ತಾಳೆ. ಆದರೆ tan 45° ಹೋಗಿದೆ. ಈ ಚೀಟಿಯನ್ನು ಎರಡನೇ ಕಾಲಂಗೆ ಹಾಕಿ.